ತಾತನ ಎಡಗೈ ಎತ್ತಿದ ಮೋಟಾರು

ತಾತನಿಗೆ ಲಕ್ವ ಹೊಡೆದದ್ದು ಎಡಕ್ಕೆ. ಬಲಕ್ಕೆ ಹೊಡೆದಿದ್ದರೆ ಉಣ್ಣುವುದಕ್ಕೂ ಕಷ್ಟವಾಗುತ್ತಿತ್ತು, ನಿಮ್ಮ ಪುಣ್ಯ ದೊಡ್ಡದು ಎಂದು ಚಾಮರಾಜನಗರದ ಡಾಕ್ಟರು ಹೇಳಿದರು. ಅವರಿಗೆ ನಮ್ಮ ಮನೆಯ ಲಿಂಗಪೂಜೆ ಗೊತ್ತಿರಲಿಲ್ಲ. ಲಿಂಗ ಕೂರುವುದು ಎಡ ಅಂಗೈಯ ಮೇಲೆ. ಬಲಗೈ ನೀರು ಹಾಕುತ್ತದೆ, ವಿಭೂತಿ ಇಡುತ್ತದೆ, ಪತ್ರೆ ಏರಿಸುತ್ತದೆ. ಎಲ್ಲ ಮುಗಿದ ಮೇಲೆ ಎಡಗೈ ಲಿಂಗವನ್ನು ಮುಖದ ಹತ್ತಿರಕ್ಕೆ ಎತ್ತಿ ಹಿಡಿಯುತ್ತದೆ, ಕಣ್ಣು ಅದನ್ನೇ ನೋಡುತ್ತ ನಿಲ್ಲುತ್ತದೆ. ಎಡಗೈ ಇಲ್ಲದವನಿಗೆ ಪೂಜೆ ಇಲ್ಲ, ಪೂಜೆ ಇಲ್ಲದೆ ತಾತ ಬಾಯಿಗೆ ಒಂದು ತೊಟ್ಟು ನೀರು ಬಿಡುತ್ತಿರಲಿಲ್ಲ. ಪುಣ್ಯವಂತೆ, ಪುಣ್ಯ.

ಮೊದಲೆಲ್ಲ ಅವನ ಪೂಜೆ ಅರ್ಧ ಗಂಟೆ ನಡೆಯುತ್ತಿತ್ತು. ಬೆಳಗಿನ ಜಾವ ತಣ್ಣೀರು ಹುಯ್ದುಕೊಂಡು ನಡುಮನೆಯಲ್ಲಿ ಕೂತನೆಂದರೆ ಬೆಕ್ಕು ಕೂಡ ಆ ಕಡೆ ಸುಳಿಯುತ್ತಿರಲಿಲ್ಲ. ಲಕ್ವ ಹೊಡೆದ ಮೇಲೆ ಅವ್ವ ಅವನ ಪಕ್ಕದಲ್ಲಿ ಮಂಡಿಯೂರಿ ಕೂತು, ಬಿದ್ದುಹೋದ ಆ ಕೈಯನ್ನು ಮಣಿಕಟ್ಟಿನ ಕೆಳಗೆ ತನ್ನ ಕೈಕೊಟ್ಟು ಎತ್ತಿ ಹಿಡಿಯಲು ಶುರುಮಾಡಿದಳು. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ. ಮನೆಯಲ್ಲಿ ಇದ್ದವರು ತಾತ, ಅವ್ವ ಇಬ್ಬರೇ. ಅವ್ವನಿಗೆ ಹಾಲು ಕರೆದು ಡೈರಿಗೆ ಹಾಕಿ ಹೊಲಕ್ಕೆ ಹೋಗಬೇಕು. ಹೊತ್ತಾಗುತ್ತದೆ ಎಂದು ಅವಳು ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಹಾಲು ಕರೆಯುವ ಕೈ, ಕಳೆ ಕೀಳುವ ಕೈ ಅದು. ಹಿಡಿದಷ್ಟೂ ಹೊತ್ತು ನಡುಗುತ್ತಿತ್ತು. ಆ ನಡುಕ ತಾತನ ಅಂಗೈಗೆ ತಗುಲುತ್ತಿತ್ತು. ಅರ್ಧ ಗಂಟೆಯ ಪೂಜೆ ಹತ್ತು ನಿಮಿಷಕ್ಕೆ ಇಳಿಯಿತು, ಆಮೇಲೆ ಎರಡು ನಿಮಿಷಕ್ಕೆ. ಕೊನೆಗೆ ಅವ್ವನ ಮಣಿಕಟ್ಟು ಊದಿಕೊಂಡು, ಭಾರ ಎತ್ತಕೂಡದು ಎಂದು ಡಾಕ್ಟರು ಪಟ್ಟಿ ಕಟ್ಟಿದರು.

ದಿಂಬಿನ ಮೇಲೆ ದಿಂಬು ಪೇರಿಸಿ ಕೈಯಿಟ್ಟು ನೋಡಿದ್ದೂ ಆಯಿತು. ನೀರು ಹಾಕುವಾಗ ಕೈ ಕೆಳಗೆ ತಟ್ಟೆಯ ಮೇಲಿರಬೇಕು, ನೋಡುವಾಗ ಮೇಲಕ್ಕೆ ಬರಬೇಕು. ಲಿಂಗ ಕೂತ ಅಂಗೈಯನ್ನು ಒಂದೇ ಕೈಯಲ್ಲಿ ದಿಂಬಿನ ಮೇಲಕ್ಕೆ ಏರಿಸಲು ಹೋಗಿ ಒಂದು ದಿನ ಅಂಗೈ ವಾಲಿತು, ಲಿಂಗ ಬೆರಳ ತುದಿಗೆ ಜಾರಿತು. ಬೀಳಲಿಲ್ಲ. ಬಿದ್ದಿದ್ದರೆ ತಾತ ಬದುಕುತ್ತಿರಲಿಲ್ಲ ಎಂದು ಅವ್ವ ಈಗಲೂ ಹೇಳುತ್ತಾಳೆ. ಆಮೇಲೆ ಅವನು ದಿಂಬು ಮುಟ್ಟಲಿಲ್ಲ. ತಾಳವಾಡಿಯಿಂದ ಚಿಕ್ಕಪ್ಪ ದಿನಾ ಬಿಡುವಾದ ಹೊತ್ತಿಗೆ ಬಂದು ಹಿಡಿಯುತ್ತಿದ್ದ. ಅವನು ಬರುವ ಹೊತ್ತಿಗೆ ತಾತನ ಊಟ.

ಇದು ಎರಡು ಸಾವಿರದ ಐದಾರರ ಸುಮಾರಿನ ಮಾತು. ನಮ್ಮದು ಕನ್ನಡ ಮಾತಾಡುವ ಊರಾದರೂ ತಮಿಳು ಸೀಮೆಗೆ ಸೇರಿದ ಗಡಿಯ ಬೆಟ್ಟ, ನಾನಾಗ ಘಾಟಿ ಇಳಿದರೆ ಸಿಗುವ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೊನೆಯ ವರ್ಷದಲ್ಲಿದ್ದೆ. ಪ್ರಾಜೆಕ್ಟಿಗೆ ಎಲ್ಲರೂ ಗೆರೆ ಹಿಡಿದು ಓಡುವ ಆಟಿಕೆ ಬಂಡಿ ಮಾಡುತ್ತಿದ್ದರು. ನಾನು ಲಿಂಗ ಹಿಡಿಯುವ ಕೈ ಮಾಡುತ್ತೇನೆ ಎಂದುಕೊಂಡೆ. ಕಾಲೇಜಿನಲ್ಲಿ ಹಾಗೆನ್ನಲಿಲ್ಲ, ಚಿಕ್ಕ ರೋಬೋಟ್ ಕೈ ಎಂದೆ. ನಮ್ಮ ಲ್ಯಾಬಿನಲ್ಲಿ ಒಬ್ಬರು ಮೇಷ್ಟ್ರಿದ್ದರು. ತಮಿಳಿನಲ್ಲೇ ಬೈದು ತಮಿಳಿನಲ್ಲೇ ಕಲಿಸುವವರು, ಕೈ ಕೊಳಕು ಮಾಡಿಕೊಳ್ಳದ ಹುಡುಗರನ್ನು ಕಂಡರೆ ಆಗದವರು. ಎಷ್ಟು ಭಾರ ಎತ್ತಬೇಕು ಎಂದು ಕೇಳಿದರು. ನೂರು ಗ್ರಾಂ ಎಂದೆ. ಲಿಂಗ, ಒಂದಿಷ್ಟು ನೀರು, ಎರಡು ಪತ್ರೆ, ಧಾರಾಳವಾಗಿಯೇ ಹೇಳಿದ್ದೆ.

“ಎಷ್ಟು ದೂರದಲ್ಲಿ?”

ಕೈಯ ಬುಡದ ಕೀಲಿನಿಂದ ಇಪ್ಪತ್ತೇಳು ಸೆಂಟಿಮೀಟರ್ ಎಂದೆ. ಭಾರವನ್ನು ದೂರದಿಂದ ಗುಣಿಸು ಎಂದರು. ಪಾಯಿಂಟ್ ಒಂದು ಕೆಜಿ, ಇಪ್ಪತ್ತೇಳು ಸೆಂಟಿಮೀಟರ್: ಎರಡು ಪಾಯಿಂಟ್ ಏಳು ಕೆಜಿ-ಸೆಂಟಿಮೀಟರ್. ಲ್ಯಾಬಿನ ಚಿಕ್ಕ ಸರ್ವೋ ಮೋಟಾರು ಮೂರು ಎತ್ತುತ್ತದೆ, ಸಾಕಲ್ಲ ಸಾರ್ ಎಂದು ನಾನು ಹೊರಡಲು ಎದ್ದೆ. ಅವರು ನನ್ನ ಪುಸ್ತಕವನ್ನು ಎಳೆದುಕೊಂಡರು. ಕೈ ತನ್ನನ್ನು ತಾನೇ ಎತ್ತಿಕೊಳ್ಳುವುದು ಬೇಡವೇ? ಹದಿನೈದು ಸೆಂಟಿಮೀಟರಿನಲ್ಲಿ ಮೊಣಕೈಯ ಸರ್ವೋ ಇದೆ, ತುದಿಯಲ್ಲಿ ಇನ್ನೊಂದು ಸರ್ವೋ ಮತ್ತು ತಟ್ಟೆ ಇದೆ, ನಡುವೆ ಎರಡು ಅಲ್ಯೂಮಿನಿಯಂ ಪಟ್ಟಿ. ಒಂದೊಂದರ ತೂಕವನ್ನೂ ಅದು ಇರುವ ದೂರದಿಂದ ಗುಣಿಸಿ ಕೂಡಿಸಿದರು. ಆರೂವರೆ ಬಂತು. ಲಿಂಗದ್ದು ಎರಡೂ ಚಿಲ್ಲರೆ, ಕೈಯದ್ದೇ ನಾಲ್ಕರ ಹತ್ತಿರ. ಇದೂ ಕೈ ಅಡ್ಡಕ್ಕೆ ಚಾಚಿಕೊಂಡಿರುವಾಗಿನ ಲೆಕ್ಕ, ಅದೇ ಅತಿ ಕಷ್ಟದ ಭಂಗಿ, ಯಾವಾಗಲೂ ಅದಕ್ಕೇ ಲೆಕ್ಕ ಹಾಕಬೇಕು ಎಂದರು. ಆಮೇಲೆ ಬಂದದ್ದನ್ನು ಎರಡರಿಂದ ಗುಣಿಸು ಎಂದರು. ಕಾಗದದ ಮೇಲೆ ಇಲ್ಲದ್ದು ಕಬ್ಬಿಣದಲ್ಲಿ ಇರುತ್ತದಂತೆ. ಹದಿಮೂರು ಬಂತು. ಹದಿಮೂರು ಎತ್ತುವ ಲೋಹದ ಹಲ್ಲಿನ ಸರ್ವೋ ಎರಡು ಅವರ ಬೀರುವಿನಲ್ಲಿದ್ದವು. ಬೀಗ ತೆಗೆದು ಕೊಟ್ಟರು.

ಪೊಂಗಲ್ ರಜೆಗೆ ಹಾಸನೂರಿನ ಮೇಲೆ ಬಸ್ಸಿನಲ್ಲಿ ಬರುವಾಗ ಆ ಕೈಯ ನಕ್ಷೆ ಬರೆದ ಹಾಳೆಯನ್ನು ಸುರುಳಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದೆ. ಮನೆಗೆ ಬಂದವಳೇ ತಾತನ ಮುಂದೆ ಜಗಲಿಯ ಮೇಲೆ ಹರಡಿದೆ. ಅವನು ತುಂಬ ಹೊತ್ತು ನೋಡಿದ.

“ಇದ್ಯಾರ ಕೈ ಮೊಗ?”

“ಮಿಷನ್ ಕೈ ತಾತ. ನಿಂಗೆ.”

“ಲಿಂಗ ಇರದು ಎಲ್ಲಿ?”

“ಇಲ್ಲಿ. ಈ ತಟ್ಟೆ ಮ್ಯಾಲೆ.”

“ಅಂಗಾರೆ ಪೂಜೆ ಮಾಡದು ಅದಾ, ನಾನಾ?”

ನನಗೆ ಕೋಪ ಬಂತು. ಮೂರು ವಾರ ಕೂತು ಹಾಕಿದ ಲೆಕ್ಕ. ಕೈ ಬಿದ್ದೋಗ್ಯದೆ ತಾತ, ಇನ್ನೇನ್ ಮಾಡಕ್ಕಾಯ್ತದೆ ಎಂದು ಮುಖದ ಮೇಲೆ ಹೊಡೆದ ಹಾಗೆ ಹೇಳಿಬಿಟ್ಟೆ. ಅವ್ವ ಒಳಗಿನಿಂದ ನನ್ನನ್ನು ಗದರಿದಳು. ತಾತ ಬಲಗೈಯಿಂದ ಎಡಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ.

“ಬಿದ್ದೋಗಿದ್ರೂ ನನ್ ಕೈಯೇ ಕಣವ್ವ. ಲಿಂಗ ಇರದು ಇದ್ರ ಮ್ಯಾಲೇಯ. ನಿನ್ ಮಿಷನ್ಗೆ ಸಕ್ತಿ ಇದ್ರೆ ಇದ್ನ ಎತ್ಲಿ.”

ಅಲ್ಲಿಗೆ ನೂರು ಗ್ರಾಂ ಮುಗಿಯಿತು. ಎತ್ತಬೇಕಾದ್ದು ಲಿಂಗವಲ್ಲ, ತಾತನ ಕೈ. ಎಂಥ ಪೆದ್ದಿ ನಾನು, ಹುಟ್ಟಿದಾಗಿನಿಂದ ಆ ಪೂಜೆ ನೋಡುತ್ತ ಬೆಳೆದವಳಿಗೆ ಇಷ್ಟು ಹೊಳೆಯಲಿಲ್ಲ. ಆದರೆ ಮನುಷ್ಯನ ಕೈಯ ತೂಕ ನೋಡುವುದು ಹೇಗೆ? ಕಡಿದು ತಕ್ಕಡಿಗೆ ಹಾಕಲಾದೀತೇ? ಉಪಾಯ ಹೇಳಿದವನು ಚಿಕ್ಕಪ್ಪ. ಅವನದು ತಾಳವಾಡಿ ಬಸ್ ನಿಲ್ದಾಣದ ಹತ್ತಿರ ಸುಟ್ಟ ಮೋಟಾರುಗಳಿಗೆ ಕಾಯಿಲ್ ಸುತ್ತುವ ಅಂಗಡಿ. ತಾಮ್ರದ ತಂತಿ ತೂಗುವ ಸ್ಪ್ರಿಂಗ್ ತಕ್ಕಡಿಯನ್ನು ಮಾರನೆಯ ದಿನ ಮಧ್ಯಾಹ್ನ ತಂದ. ಬಿಸಿಲು ಜಗಲಿಯ ತುಂಬ ಬಿದ್ದಿತ್ತು. ತಾತನ ಮೊಣಕೈಯನ್ನು ಒಂದು ಮಣೆಯ ಮೇಲೆ ಊರಿಸಿ, ಮಣಿಕಟ್ಟಿಗೆ ಟವಲು ಸುತ್ತಿ, ಟವಲಿಗೆ ತಕ್ಕಡಿಯ ಕೊಂಡಿ ಸಿಕ್ಕಿಸಿ ಕೈ ಅಡ್ಡಕ್ಕೆ ಬರುವ ತನಕ ಎತ್ತಿದ. ಮುಳ್ಳು ಏಳುನೂರು ಗ್ರಾಂಗೆ ನಿಂತಿತು. ಮೊಣಕೈಯಿಂದ ಟವಲಿಗೆ ಇಪ್ಪತ್ನಾಲ್ಕು ಸೆಂಟಿಮೀಟರ್.

“ಕೈ ಸಡ್ಲ ಬುಟ್ಟಿದ್ದೀಯಾ ಅಪ್ಪ?” ಎಂದು ಚಿಕ್ಕಪ್ಪ ಕೇಳಿದ.

“ನಾ ಬುಡಕ್ಕೆ ಅದೇನ್ ನನ್ ಮಾತ್ ಕೇಳ್ತದಾ?” ಎಂದು ತಾತ ನಕ್ಕ.

ಪಾಯಿಂಟ್ ಏಳು ಇಂಟು ಇಪ್ಪತ್ನಾಲ್ಕು, ಹದಿನಾರು ಪಾಯಿಂಟ್ ಎಂಟು. ಕೈ ಮಲಗುವ ಅಲ್ಯೂಮಿನಿಯಂ ದೋಣಿ ಮತ್ತು ಅದರ ಮೇಲಿನ ಸರ್ವೋ, ಎಲ್ಲ ಸೇರಿ ಕಾಲು ಕೆಜಿ, ಸರಾಸರಿ ಹದಿನಾಲ್ಕು ಸೆಂಟಿಮೀಟರಿನಲ್ಲಿ, ಮೂರೂವರೆ. ಅಂಗೈಯ ಮೇಲಿನ ಲಿಂಗ, ನೀರು ನೂರು ಗ್ರಾಂ, ಮೂವತ್ತೆರಡು ಸೆಂಟಿಮೀಟರಿನಲ್ಲಿ, ಮೂರು ಪಾಯಿಂಟ್ ಎರಡು. ಒಟ್ಟು ಇಪ್ಪತ್ಮೂರೂವರೆ. ನಾನು ಅಲ್ಲೇ ಜಗಲಿಯ ಗೋಡೆಗೆ ಸುಣ್ಣದ ಮೇಲೆ ಪೆನ್ಸಿಲಿನಲ್ಲಿ ಬರೆದೆ. ಮಣಿಕಟ್ಟಿಗೆ ಬೇರೆ ಲೆಕ್ಕ: ಮೊಣಕೈ ಮೇಲೆದ್ದಷ್ಟೂ ಅಂಗೈ ವಾಲುತ್ತದೆ, ಅದನ್ನು ಮಟ್ಟವಾಗಿ ಇಡಬೇಕು. ಅಲ್ಲಿ ಬೇಕಾದ್ದು ಬರೀ ಮೂರು ಮೂರೂವರೆ, ಹದಿಮೂರರ ಒಂದು ಸರ್ವೋಗೆ ಅದು ಆಟ. ಕಷ್ಟವಿದ್ದದ್ದೆಲ್ಲ ಮೊಣಕೈಯದು.

ಎರಡು ಸರ್ವೋ ಜೋಡಿಸಿದರೆ ಇಪ್ಪತ್ತಾರಾಯಿತಲ್ಲ ಎಂದು ಲ್ಯಾಬಿಗೆ ಹೋಗಿ ಜೋಡಿಸಿದೆ. ತಾತನ ಕೈಯ ಬದಲು ರಾಗಿ ತುಂಬಿದ ಬಟ್ಟೆಯ ಚೀಲ ಕಟ್ಟಿದೆ. ಎತ್ತಿತು. ನಾನು ಖುಷಿಯಾಗಿ ಮೇಷ್ಟ್ರನ್ನು ಕರೆಯಲು ಹೋದೆ. ಅವರು ಚಹಾ ಕುಡಿದು ಬರುವಷ್ಟರಲ್ಲಿ ಸುಟ್ಟ ವಾಸನೆ ಬಂದಿತ್ತು, ಚೀಲ ಕೆಳಗಿತ್ತು. ನಾಲ್ಕು ನಿಮಿಷ ಕೂಡ ಆಗಿರಲಿಲ್ಲ. ಡಬ್ಬಿಯ ಮೇಲೆ ಬರೆದಿರುವ ಹದಿಮೂರು ಅದು ಸಾಯುವ ಮುಂಚಿನ ಬಲ, ದಿನವಿಡೀ ಹೊರುವ ಬಲವಲ್ಲ, ಅದರಲ್ಲಿ ಕಾಲುಭಾಗ, ಹೆಚ್ಚೆಂದರೆ ಮೂರರಲ್ಲೊಂದು ಭಾಗ ನಂಬಬಹುದು ಎಂದು ಅವರು ಬೈದದ್ದನ್ನು ಇಲ್ಲಿ ಪೂರ್ತಿ ಬರೆಯಲಾರೆ. ಸುಟ್ಟ ಸರ್ವೋಗಳ ದುಡ್ಡನ್ನು ನನ್ನ ತಲೆಗೆ ಕಟ್ಟಿದರು.

ಚಿಕ್ಕಪ್ಪ ಇದನ್ನು ಕೇಳಿ ಆಶ್ಚರ್ಯವನ್ನೇನೂ ಪಡಲಿಲ್ಲ. “ಎತ್ತದು ಬ್ಯಾರೆ, ಇಡ್ಕಂಡು ನಿಲ್ಲದು ಬ್ಯಾರೆ ಕಣವ್ವ. ಕರೆಂಟು ಕುಡ್ಕಂಡು ತಿರುಗದೆ ನಿಂತ ಮೋಟಾರು ಸುಟ್ಟೋಗದೇಯ. ನನ್ ಅಂಗ್ಡಿಗೆ ಬರವೆಲ್ಲ ಅಂತವೇ.” ಅವನು ಗುಜರಿಯಿಂದ ಹಳೇ ವ್ಯಾನಿನ ವೈಪರ್ ಮೋಟಾರೊಂದನ್ನು ತಂದು ನನ್ನ ಮುಂದಿಟ್ಟ. ಅದರ ಒಳಗೆ ಸ್ಕ್ರೂವಿನಂಥ ಹಲ್ಲು ಒಂದು ಚಕ್ರವನ್ನು ತಿರುಗಿಸುತ್ತದೆ. ಮೋಟಾರು ಚಕ್ರವನ್ನು ತಿರುಗಿಸಬಲ್ಲದು, ಚಕ್ರ ಮೋಟಾರನ್ನು ತಿರುಗಿಸಲಾರದು. ಎತ್ತಿ ಕರೆಂಟು ತೆಗೆದರೂ ಎತ್ತಿದ್ದು ಅಲ್ಲೇ ನಿಲ್ಲುತ್ತದೆ, ಬಿಸಿಯೂ ಆಗುವುದಿಲ್ಲ, ಬ್ಯಾಟರಿ ಮುಗಿದರೂ ಲಿಂಗ ಬೀಳುವುದಿಲ್ಲ. ಅರ್ಧ ಗಂಟೆಯ ಪೂಜೆಗೆ ಇದಕ್ಕಿಂತ ಒಳ್ಳೆಯದು ಇನ್ನೇನು ಬೇಕಿತ್ತು? ಸೈಕಲ್ ಚೈನು ಹಾಕಿ ವೇಗವನ್ನು ಇನ್ನಷ್ಟು ತಗ್ಗಿಸಿದೆವು.

ಆದರೆ ಆ ಮೋಟಾರು ಬಲದ ರಾಕ್ಷಸ. ಕೈ ಎಲ್ಲಿಯಾದರೂ ಸಿಕ್ಕಿಕೊಂಡರೆ ಮುರಿದೇ ಬಿಡುತ್ತದೆ. ಅದಕ್ಕೆ ನಡುವೆ ಒಂದು ಕ್ಲಚ್ ಇಟ್ಟೆವು. ಬೈಕಿನ ಕ್ಲಚ್ ಪ್ಲೇಟಿನ ಎರಡು ಬಿಲ್ಲೆ, ಒಂದು ಸ್ಪ್ರಿಂಗು, ಬಿಗಿ ಮಾಡಲು ಒಂದು ನಟ್ಟು. ನಿಗದಿಗಿಂತ ಹೆಚ್ಚು ಬಲ ಬಿದ್ದರೆ ಬಿಲ್ಲೆಗಳು ಒಂದರ ಮೇಲೊಂದು ಜಾರುತ್ತವೆ, ಕೈ ಇದ್ದಲ್ಲೇ ಉಳಿಯುತ್ತದೆ. ಎಷ್ಟಕ್ಕೆ ಜಾರಬೇಕು? ಇಪ್ಪತ್ಮೂರೂವರೆಯ ಎರಡರಷ್ಟು, ನಲವತ್ತೇಳು. ತುದಿಗೆ ಕಲ್ಲು ಕಟ್ಟಿ, ತೂಕ ನೋಡಿ ನಟ್ಟು ಬಿಗಿ ಮಾಡಿದೆ. ಎರಡರಿಂದ ಗುಣಿಸಿದ್ದಕ್ಕೆ ನನಗೆ ಅಷ್ಟು ನೆಮ್ಮದಿಯಿತ್ತು.

ಶಿವರಾತ್ರಿ ಕಳೆದು ಚಳಿ ಬಿಟ್ಟ ಮೇಲೆ ಅದನ್ನು ಮನೆಗೆ ತಂದು ಕೂರಿಸಿದೆವು. ತಾತ ಬಲಗಾಲಿನ ಹೆಬ್ಬೆರಳಿನಿಂದ ಸ್ವಿಚ್ ಒತ್ತಿದ. ದೋಣಿಯಲ್ಲಿ ಮಲಗಿದ ಅವನ ಕೈ ಗುಂಯ್ ಎನ್ನುತ್ತ ಗಲ್ಲದ ಮಟ್ಟಕ್ಕೆ ಬಂತು, ಅಂಗೈ ಮಟ್ಟವಾಗಿ ನಿಂತಿತು, ಸದ್ದು ನಿಂತಿತು. ಅವನು ನಮ್ಮನ್ನು ಹೊರಗೆ ಹೋಗಿ ಎಂದ. ಎಷ್ಟೋ ಹೊತ್ತಿನ ಮೇಲೆ ಬಾಗಿಲು ತೆಗೆದಾಗ ಅವನ ಕಣ್ಣು ಕೆಂಪಾಗಿದ್ದವು. ಅವತ್ತು ಅವ್ವ ಪಾಯಸ ಮಾಡಿದಳು. ನನ್ನ ಜೀವನದಲ್ಲಿ ಅಷ್ಟು ಜಂಬ ಪಟ್ಟದ್ದು ಮೊದಲೂ ಇಲ್ಲ, ಆಮೇಲೂ ಇಲ್ಲ. ಕಾಲೇಜಿನಲ್ಲಿ ಪರೀಕ್ಷೆಗೆ ಬಂದವರು ರಿಪೋರ್ಟು ತಿರುವಿ, ಸುರಕ್ಷತೆಗೆ ಎಷ್ಟು ಪಟ್ಟು ಇಟ್ಟಿದ್ದೀಯಮ್ಮ ಎಂದು ಕೇಳಿದರು. ಎರಡು ಎಂದೆ. ತಲೆದೂಗಿದರು.

ಆಮೇಲೆ ನನಗೆ ಕೊಯಮತ್ತೂರಿನಲ್ಲಿ ಪಂಪು ಮಾಡುವ ಒಂದು ಕಡೆ ಕೆಲಸ ಸಿಕ್ಕಿತು. ವಾರಕ್ಕೊಮ್ಮೆ ಫೋನು ಮಾಡುತ್ತಿದ್ದೆ. ತಾತನಿಗೆ ಕೊಡು ಎಂದರೆ ಅವ್ವ ಸಿಗ್ನಲ್ ಸಿಗುವ ಜಗಲಿಯ ಮೂಲೆಗೆ ಅವನನ್ನು ಕೂರಿಸಿ ಕಿವಿಗೆ ಹಿಡಿಯುತ್ತಿದ್ದಳು. ಮಿಷನ್ ಎಂಗದೆ ತಾತ ಎಂದರೆ, “ನಿನ್ ಮಿಷನ್ಗೇನವ್ವ, ರಾಜ ಇದ್ದಂಗದೆ” ಎನ್ನುತ್ತಿದ್ದ. ಆಡಿ ತಿಂಗಳ ಗಾಳಿಯಲ್ಲೂ ರಾಜ, ಐಪ್ಪಸಿ ತಿಂಗಳ ಮಳೆಯಲ್ಲೂ ರಾಜ.

ದೀಪಾವಳಿ ಕಳೆದು ಗುಮಟಾಪುರದ ಸಗಣಿ ಎರಚಾಡುವ ಹಬ್ಬವೂ ಮುಗಿದಿತ್ತು. ಒಂದು ಮಧ್ಯಾಹ್ನ ಅವ್ವನೇ ಫೋನು ಮಾಡಿದಳು. ಅವಳಾಗಿ ಮಾಡುವವಳಲ್ಲ. ಮೈತೊಳೆಯುವಾಗ ತಾತ ಅಂಗಿ ಬಿಚ್ಚಲು ಬಿಡುತ್ತಿರಲಿಲ್ಲವಂತೆ. ಅವತ್ತು ಹಟ ಮಾಡಿ ಬಿಚ್ಚಿಸಿದ್ದಾಳೆ. ಎಡತೋಳು ಮೊಣಕೈಯ ಮೇಲೆ ಮಿಷನ್ನಿನ ಪಟ್ಟಿ ಬಿಗಿಯುವ ಜಾಗದಲ್ಲಿ ಕಪ್ಪಗೆ ಕಂದಿದೆ, ಮಣಿಕಟ್ಟಿನ ಚರ್ಮ ಕಿತ್ತಿದೆ, ಮೊಣಕೈ ಊದಿದೆ. “ಎಸ್ಟ್ ದಿನದಿಂದ ಅಂದ್ರೆ ಬಾಯೇ ಬುಡ್ತಿಲ್ಲ ಕಣೆ,” ಎಂದಳು.

ಮಾರನೆಯ ದಿನದ ಬಸ್ಸಿಗೇ ಬಂದೆ. ಮಂಜು ಎಂದರೆ ಅಂಥ ಮಂಜು, ಹಾಸನೂರು ದಾಟಿದ ಮೇಲೆ ಡ್ರೈವರು ದೀಪ ಹಾಕಿಕೊಂಡು ಬಂದ. ಮರುದಿನ ಬೆಳಗಿನ ಜಾವ ತಾತ ಪೂಜೆಗೆ ಕೂತಾಗ, ಹೊರಗೆ ಹೋಗು ಎಂದರೂ ಹೋಗದೆ ಬಾಗಿಲ ಹಿಂದೆ ನಿಂತೆ. ಹೆಬ್ಬೆರಳು ಸ್ವಿಚ್ ಒತ್ತಿತು. ಕೈ ಸ್ವಲ್ಪ ಎದ್ದಿತು. ಆಮೇಲೆ ಮೋಟಾರಿನ ಸದ್ದು ಬದಲಾಯಿತು, ಎತ್ತು ಏರಿನಲ್ಲಿ ಏದುವ ಹಾಗೆ. ತಾತನ ಕೈ ಹಗ್ಗ ಹುರಿಗೊಂಡಂತೆ ಸೆಟೆದು ಎದೆಯ ಕಡೆಗೆ ತನ್ನನ್ನೇ ಎಳೆದುಕೊಳ್ಳುತ್ತಿತ್ತು, ಮೋಟಾರು ಅದನ್ನು ದೋಣಿಯಲ್ಲಿ ಬಿಡಿಸಿ ಚಾಚಿ ಎತ್ತುತ್ತಿತ್ತು. ಅವನ ಬಲಗೈ ಮಣೆಯ ಅಂಚನ್ನು ಹಿಡಿದಿತ್ತು. ತುಟಿ ಕಚ್ಚಿಕೊಂಡಿದ್ದ. ಕೈ ಗಲ್ಲದ ಮಟ್ಟಕ್ಕೆ ಬಂದು ನಿಂತ ಮೇಲೆ ನಿಧಾನವಾಗಿ ಉಸಿರು ಬಿಟ್ಟು ಕಣ್ಣು ತೆರೆದು ಲಿಂಗ ನೋಡಿದ.

ನಾನು ಮಧ್ಯಾಹ್ನ, ಬಿಸಿಲಿನಲ್ಲಿ ತೂಗಿದ್ದೆ. ಅವನು ಎತ್ತುತ್ತಿದ್ದದ್ದು ಬೆಳಗಿನ ಜಾವ, ತಣ್ಣೀರು ಹುಯ್ದುಕೊಂಡ ಮೇಲೆ. ಲಕ್ವ ಹೊಡೆದ ಕೈ ಬಿಸಿಲಿಗೆ ಸಡಿಲವಾಗಿರುತ್ತದೆ, ಚಳಿಗೆ ಸೆಟೆಯುತ್ತದೆ. ಅದೂ ವರ್ಷ ಕಳೆದ ಹಾಗೆ ಸೆಡೆತ ಹೆಚ್ಚುತ್ತದಂತೆ. ಅವತ್ತು ಪೂಜೆ ಮುಗಿದ ಕೂಡಲೇ ಚಿಕ್ಕಪ್ಪನ ತಕ್ಕಡಿಯನ್ನೇ ತರಿಸಿ ಅದೇ ಮಣೆಯ ಮೇಲೆ, ಅದೇ ಟವಲಿನಲ್ಲಿ ತೂಗಿದೆ. ಮುಳ್ಳು ಒಂದು ಕೆಜಿ ಆರುನೂರಕ್ಕೆ ಹೋಯಿತು. ಇಂಟು ಇಪ್ಪತ್ನಾಲ್ಕು, ಮೂವತ್ತೆಂಟೂ ಚಿಲ್ಲರೆ. ದೋಣಿ, ಲಿಂಗ ಸೇರಿದರೆ ನಲವತ್ತೈದು. ಕ್ಲಚ್ ಜಾರುವುದು ನಲವತ್ತೇಳಕ್ಕೆ. ಸುರಕ್ಷತೆಗೆಂದು ನಾನು ಇಟ್ಟ ಆ ಇನ್ನೊಂದು ಪಟ್ಟು ತಾತನ ಕೈಯನ್ನು ದಿನಾ ಬೆಳಿಗ್ಗೆ ಹಿಂಡುವುದಕ್ಕೆ ಸರಿಯಾಗಿ ಸಾಕಾಗಿತ್ತು. ಒಂದಷ್ಟು ಕಡಿಮೆ ಇಟ್ಟಿದ್ದರೆ ಮೊದಲ ಚಳಿಯ ದಿನವೇ ಕ್ಲಚ್ ಜಾರಿ ನಮಗೆಲ್ಲ ಗೊತ್ತಾಗುತ್ತಿತ್ತು.

“ನಂಗೊತ್ತಿತ್ತು,” ಎಂದಳು ಅವ್ವ, ಒಲೆಯ ಮುಂದೆ ಕೂತು. “ಬೆಳಿಗ್ಗೆ ಆ ಕೈ ಕೊರಡು. ನಾನು ಬಿಸಿ ಎಣ್ಣೆ ಆಕಿ ತಿಕ್ಕಿ, ಸಮಾಧಾನ ಮಾಡಿ ಎತ್ತುತ್ತಿದ್ದೆ. ನೀ ಕೇಳ್ನಿಲ್ಲ.”

ಕೇಳಲಿಲ್ಲ. ವರ್ಷಗಟ್ಟಲೆ ದಿನಾ ಬೆಳಗಿನ ಜಾವ ಆ ಭಾರ ಎತ್ತಿದವಳು ಅವಳೊಬ್ಬಳೇ. ನಾನು ತಕ್ಕಡಿಯನ್ನು ಕೇಳಿದೆ, ಮೇಷ್ಟ್ರನ್ನು ಕೇಳಿದೆ, ಅಡುಗೆಮನೆಗೆ ಹೋಗಿ ಅವಳನ್ನು ಕೇಳಲಿಲ್ಲ. ಇದನ್ನು ಬರೆಯುವಾಗಲೂ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ.

ಪಾನಾ ತೆಗೆದುಕೊಂಡು ಕ್ಲಚ್ಚಿನ ನಟ್ಟನ್ನು ಎರಡು ಸುತ್ತು ಸಡಿಲ ಮಾಡಿದೆ. ಕಲ್ಲು ಕಟ್ಟಿ ನೋಡಿದೆ, ಈಗ ಮೂವತ್ತಕ್ಕೇ ಜಾರುತ್ತಿತ್ತು. ಎಂಟು ಸೆಕೆಂಡಿನಲ್ಲಿ ಏಳುತ್ತಿದ್ದದ್ದನ್ನು ಇಪ್ಪತ್ತು ಸೆಕೆಂಡಿಗೆ ನಿಧಾನ ಮಾಡಿದೆ. ತಾತ ನೋಡುತ್ತಿದ್ದ.

“ಏನ್ ಮಾಡ್ದೆ?”

“ನೋವಾಗೋವಷ್ಟು ಎತ್ತಲ್ಲ ಇನ್ಮ್ಯಾಕೆ.”

“ಮದ್ಲಿದ್ದಂಗೆ ಮಾಡು.”

“ಮಾಡಲ್ಲ.”

“ಕೈ ನಂದು. ನೋವೂ ನಂದು. ನಿಂಗೇನ್ ಕಷ್ಟ?”

“ಮಿಷನ್ ನಂದು,” ಎಂದೆ.

ಆ ಮಾತು ಹೇಗೆ ಬಂತೋ. ಹೆದರಿಕೆಯಿಂದ ಬಂದದ್ದು, ಆದರೆ ಕೇಳಿದವನಿಗೆ ದರ್ಪವಾಗಿಯೇ ಕೇಳಿಸಿರಬೇಕು. ಎಂಬತ್ತು ದಾಟಿದ ಮನುಷ್ಯ, ಮೊಮ್ಮಗಳ ಮುಂದೆ ತಲೆ ತಗ್ಗಿಸಿದ. ಆಯ್ತು ಬುಡವ್ವ ಎಂದ. ಮರುದಿನ ಬೆಳಿಗ್ಗೆ ಅವ್ವ ಒಂದೇ ಕೈಯಲ್ಲಿ ಎಣ್ಣೆ ತಿಕ್ಕಿಕೊಟ್ಟಳು. ಮಿಷನ್ನು ಅರ್ಧಕ್ಕೆ ಎತ್ತಿ ಕಿರ್ ಎಂದು ಜಾರಿ ನಿಂತಿತು. ತಾತ ಇಳಿಸಿದ. ಲಿಂಗವನ್ನು ಕರಡಿಗೆಗೆ ಹಾಕಿ ಎದೆಗೆ ಕಟ್ಟಿಕೊಂಡು, ಜಗಲಿಗೆ ಹೋಗಿ ಎಡಗೈಯನ್ನು ಬಿಸಿಲು ಬರುವ ಕಡೆ ಚಾಚಿಸಿಕೊಂಡು ಕೂತ. ಹನ್ನೊಂದು ಗಂಟೆಗೆ ಬಿಸಿಲು ಬಂದು ಕೈ ಸಡಿಲವಾಯಿತು. ಆಗ ಒಳಗೆ ಹೋಗಿ ಪೂಜೆಗೆ ಕೂತ. ಮಿಷನ್ನು ಸಲೀಸಾಗಿ ಎತ್ತಿತು. ನೋಡು, ದಾರಿ ಸಿಕ್ತಲ್ಲ ಎಂದೆ ನಾನು, ಗೆದ್ದವಳಂತೆ. ಅವನು ಹನ್ನೆರಡಕ್ಕೆ ಉಂಡ. ಉಂಡ ಮೇಲೆ ನುಂಗಬೇಕಾದ ಬಿ.ಪಿ. ಮಾತ್ರೆಯನ್ನೂ ಆಗಲೇ ನುಂಗಿದ. ನಾನು ಸಾಯಂಕಾಲದ ಬಸ್ಸಿಗೆ ಹೊರಟುಬಿಟ್ಟೆ.

ಮಾರ್ಗಳಿ ತಿಂಗಳ ಚಳಿ ಹಿಡಿದ ಮೇಲೆ ಒಂದೊಂದು ದಿನ ಬಿಸಿಲೇ ಬರುತ್ತಿರಲಿಲ್ಲ. ನಮ್ಮ ಬೆಟ್ಟದಲ್ಲಿ ಅದು ಮಾಮೂಲು, ಮೋಡ ಹೊಲದ ಮೇಲೇ ಕೂತಿರುತ್ತದೆ. ಕೊಯಮತ್ತೂರಿನಲ್ಲಿ ಫ್ಯಾನು ಹಾಕಿಕೊಂಡು ಕೂತ ನನಗೆ ಅದು ನೆನಪಾಗಲಿಲ್ಲ. ಅವ್ವನ ಫೋನು ಬಂದಾಗ ಬಿಸಿಲು ಕಾಣದೆ ಎರಡು ದಿನವಾಗಿತ್ತು. ಮೊದಲ ದಿನ ತಾತ ಸಂಜೆಯವರೆಗೆ ಜಗಲಿಯಲ್ಲಿ ಕಾದು, ಬಿಸಿಲು ಬರದೆ, ಉಣ್ಣದೆ ಮಲಗಿದ್ದಾನೆ. ಎರಡನೆಯ ದಿನವೂ ಹಾಗೇ. ಕೆಂಡದ ಬಟ್ಟಲು ಇಟ್ಟು ಕಾಯಿಸಿದರೆ ಸ್ವಲ್ಪ ಸಡಿಲವಾಗುತ್ತದೆ, ಪೂರ್ತಿ ಇಲ್ಲ. ಪಟ್ಟಿ ಕಟ್ಟಿದ ಕೈಯಲ್ಲೇ ಎತ್ತುತ್ತೇನೆ ಎಂದು ಅವ್ವ ಹೋದರೆ, ಇಷ್ಟು ದಿನ ನಿನ್ನ ಸವೆಸಿದ್ದು ಸಾಕು ಎಂದು ಕೈ ಮುಗಿದನಂತೆ. ಚಿಕ್ಕಪ್ಪ ಸಾಮಾನು ತರಲು ಈರೋಡಿಗೆ ಹೋಗಿದ್ದ, ಆ ರಾತ್ರಿಗೆ ಬರುವವನು. ತಾತನಿಗೆ ಫೋನು ಕೊಡು ಎಂದೆ.

“ತಾತ, ಉಣ್ಣು. ಒಂದ್ ದಿನ ಪೂಜೆ ಇಲ್ದಿದ್ರೆ ಶಿವ ಏನೂ ಅನ್ಕಳಲ್ಲ.”

“ಬಿಸ್ಲು ಬರ್ಲಿ ಬುಡವ್ವ,” ಎಂದ. ದನಿ ಹತ್ತಿರದಲ್ಲಿದ್ದರೂ ತೆಳ್ಳಗಾಗಿತ್ತು. “ನಿನ್ ಮಿಷನ್ದೇನೂ ತಪ್ಪಿಲ್ಲ. ಬಿಸ್ಲು ಬಂದ್ರೆ ಎತ್ತುತ್ತದೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಅವನು ಹಟ ಹಿಡಿದು ಕೂತಿರಲಿಲ್ಲ. ನಾನು ಮೂವತ್ತು ಎಂದು ಇಟ್ಟಿದ್ದೆ, ತನ್ನ ಕೈ ಮೂವತ್ತಕ್ಕೆ ಇಳಿಯುವ ತನಕ ಹಸಿದು ಕಾಯುತ್ತಿದ್ದ, ಅಷ್ಟೇ. ಮೂರನೆಯ ಬೆಳಿಗ್ಗೆಯೂ ಮೋಡವಿದೆ ಎಂದು ತಿಳಿದು ಚಿಕ್ಕಪ್ಪನಿಗೆ ಫೋನು ಮಾಡಿದೆ. ಅಂಗಡಿ ತೆಗೆಯುವ ಮುಂಚೆ ಮನೆಗೆ ಹೋಗು ಎಂದೆ. ಕ್ಲಚ್ಚಿನ ನಟ್ಟು ಎರಡು ಸುತ್ತು ಬಿಗಿ ಮಾಡು.

ಅವನು ಕೇಳಿದ: “ನೀನೇ ಸಡ್ಲ ಮಾಡಿದ್ದಲ್ವಾ?”

“ಊಂ.”

“ಎರಡು ಸುತ್ತೂವೆ?”

“ಊಂ. ಎರಡು ಸುತ್ತೂ.”

ಹತ್ತು ಗಂಟೆಗೆ ಅವ್ವನ ಫೋನು ಬಂತು. ಪೂಜೆ ಆಯ್ತು ಎಂದಳು. ಒಂದು ಮುದ್ದೆ ಪೂರ್ತಿ ಉಂಡ್ರು, ಮಾತ್ರೆ ನುಂಗಿದ್ರು, ಈಗ ಮಲಗವ್ರೆ.

“ನೋವಾಯ್ತಾ ಅಂತ ಕೇಳ್ದ್ಯಾ ಅವ್ವ?”

“ಕೇಳ್ದೆ. ಇಲ್ಲ ಅಂದ್ರು.”

ನಲವತ್ತೈದು ಎಂದರೆ ಏನೆಂದು ಆ ಮನೆಯಲ್ಲಿ ಯಾರಿಗಿಂತಲೂ ಚೆನ್ನಾಗಿ ನನಗೆ ಗೊತ್ತಿತ್ತು. ಆದರೂ ಸರಿ ಅವ್ವ ಎಂದೆ, ಫೋನು ಇಟ್ಟೆ, ಹಿಂದಿನ ದಿನದಿಂದ ಇಳಿಯದಿದ್ದ ಊಟವನ್ನು ಅವತ್ತು ಹೊಟ್ಟೆ ತುಂಬ ಉಂಡೆ.